ಡಾಕ್ಟರ್ ಅಲ್ಲ, ಡಾಕ್ಟರ್ ಇಲ್ಲ

ಕಲಬುರಗಿಯ ಒಂದು ಔಷಧಿ ಅಂಗಡಿಯ ಮುಂದೆ ನಾನು ಸರದಿಯಲ್ಲಿ ನಿಂತಿದ್ದಾಗ ನಡೆದ ಸಂಗತಿಯಿದು. ನನಗಿಂತ ಮುಂದಿದ್ದ ಮುದುಕಿಯೊಬ್ಬಳು ಸಂಚಿಯಿಂದ ಅರ್ಧ ಖಾಲಿಯಾದ ಒಂದು ಗುಳಿಗೆಯ ಪಟ್ಟಿ ತೆಗೆದು, ಕೌಂಟರಿನ ಮೇಲಿಟ್ಟು, "ಇದು ಬಿ.ಪಿ. ಗುಳಿಗಿ ಏನಪ್ಪಾ?" ಎಂದು ಕೇಳಿದಳು. ಕೌಂಟರಿನಲ್ಲಿದ್ದ ಹುಡುಗ ಹೊಸಬ; ಮನೆಯ ಮಾತು ದಖನಿ, ಕನ್ನಡವನ್ನು ಅಂಗಡಿಯಲ್ಲೇ ಕಲಿಯುತ್ತಿದ್ದ. ಪಟ್ಟಿಯನ್ನು ತಿರುವಿ ನೋಡಿದ. ಅದು ಹೊಟ್ಟೆಯ ಉರಿಗೆ ಕೊಡುವ ಗುಳಿಗೆಯಾಗಿತ್ತು. "ಬಿ.ಪಿ. ಗುಳಿಗಿ ಇಲ್ಲ ಅಮ್ಮಾ" ಎಂದ. ಮುದುಕಿ ಮತ್ತೊಂದು ಮಾತಾಡದೆ ಪಟ್ಟಿಯನ್ನು ಸಂಚಿಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಒಳಗಿದ್ದ ಅಂಗಡಿಯವರಿಗೆ ಏನಾಯಿತೆಂದು ಹೊಳೆದು, ಅವರು ಅಲ್ಲಿಂದಲೇ ಕೂಗಿ ಹೇಳಿದರು: "ಯವ್ವಾ, ಬಿ.ಪಿ. ಗುಳಿಗಿ ಅದ. ನಿನ್ನ ಕೈಯಾಗಿಂದು ಬಿ.ಪಿ. ಗುಳಿಗಿ ಅಲ್ಲ."

ಹುಡುಗ ಸುಳ್ಳು ಹೇಳಿರಲಿಲ್ಲ. ಅವನಿಗೆ ತಿಳಿದ ಸಂಗತಿಯೂ ತಪ್ಪಾಗಿರಲಿಲ್ಲ. 'ಅಲ್ಲ' ಬರಬೇಕಾದಲ್ಲಿ 'ಇಲ್ಲ' ಬಂದದ್ದರಿಂದ, ಕೈಯಲ್ಲಿರುವ ವಸ್ತುವಿನ ಗುರುತಿನ ಬಗ್ಗೆ ಅವನು ಹೇಳಹೊರಟ ಮಾತು ಅಂಗಡಿಯ ದಾಸ್ತಾನಿನ ಬಗ್ಗೆ ಹೇಳಿದ ಮಾತಾಯಿತು. ಕನ್ನಡವನ್ನು ತಾಯಿಯಿಂದ ಕಲಿತವರು ಈ ಎರಡು ಪದಗಳನ್ನು ಎಂದೂ ಅದಲು ಬದಲು ಮಾಡುವುದಿಲ್ಲ. ಆದರೆ ಏಕೆ ಹಾಗೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ ತಡವರಿಸುತ್ತೇವೆ. 'ಅಲ್ಲ' ಎಂದರೆ ಒಂದು ವಸ್ತು ಇನ್ನೊಂದಾಗಿರುವುದರ ನಿರಾಕರಣೆ, 'ಇಲ್ಲ' ಎಂದರೆ ಒಂದು ವಸ್ತು ಇರುವುದರ ನಿರಾಕರಣೆ ಎಂಬ ಉತ್ತರ ಸರಿಯಾದದ್ದೇ. 'ಅವರು ಡಾಕ್ಟರ್ ಅಲ್ಲ' ಎಂದಾಗ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹಚ್ಚಿದ ಹೆಸರು ಹೊಂದುವುದಿಲ್ಲ. 'ಡಾಕ್ಟರ್ ಇಲ್ಲ' ಎಂದಾಗ ಕುರ್ಚಿ ಖಾಲಿಯಾಗಿದೆ. ಆದರೆ ಈ ಉತ್ತರವನ್ನಷ್ಟೇ ಹಿಡಿದು ಹೊರಟವನಿಗೆ 'ನೀರು ಬಿಸಿ ಇಲ್ಲ' ಎಂಬಲ್ಲಿ ಏನು ಇಲ್ಲವಾಯಿತು, 'ಅವನು ಬರಲಿಲ್ಲ' ಎಂಬಲ್ಲಿ ಇಲ್ಲದ್ದು ಯಾವುದು ಎಂಬ ಪ್ರಶ್ನೆಗಳು ಬೇಗನೆ ಎದುರಾಗುತ್ತವೆ.

ಇದಕ್ಕಿಂತ ಗಟ್ಟಿಯಾದ ದಾರಿಯೆಂದರೆ, ನಿರಾಕರಿಸುವ ಮಾತನ್ನು ಬಿಟ್ಟು, ನಿರಾಕರಿಸಲ್ಪಡುತ್ತಿರುವ ಮಾತನ್ನು ನೋಡುವುದು. ಪ್ರತಿಯೊಂದು ಇಲ್ಲವೆನ್ನುವ ವಾಕ್ಯದ ಬೆನ್ನಿಗೂ ಒಂದು ಹೌದೆನ್ನುವ ವಾಕ್ಯ ಇರುತ್ತದೆ. 'ಡಾಕ್ಟರ್ ಒಳಗೆ ಇದ್ದಾರೆ' ಎಂಬ ವಾಕ್ಯದ ಕೊನೆಯಲ್ಲಿ 'ಇರು' ಎಂಬ ಕ್ರಿಯಾಪದ ಕೂತಿದೆ. ಅದನ್ನು ಎಬ್ಬಿಸಿ ಆ ಜಾಗದಲ್ಲಿ 'ಇಲ್ಲ' ಕೂರುತ್ತದೆ. 'ಅವರು ಡಾಕ್ಟರ್' ಎಂಬ ವಾಕ್ಯದ ಕೊನೆಯಲ್ಲಿ ಕ್ರಿಯಾಪದವೇ ಇಲ್ಲ. ಎರಡು ನಾಮಪದಗಳು ಪಕ್ಕಪಕ್ಕದಲ್ಲಿ ನಿಂತರೆ ಸಾಕು, ಕನ್ನಡದಲ್ಲಿ ವಾಕ್ಯ ಪೂರ್ಣವಾಗುತ್ತದೆ. ಎಬ್ಬಿಸಲು ಯಾರೂ ಇಲ್ಲದ ಈ ಖಾಲಿ ಜಾಗಕ್ಕೆ ಬರುವುದು 'ಅಲ್ಲ'. ಹೌದೆನ್ನುವ ವಾಕ್ಯ 'ಇದೆ', 'ಇದ್ದಾನೆ', 'ಇವೆ' ಎಂದು ಮುಗಿದರೆ 'ಇಲ್ಲ'; ಏನೂ ಇಲ್ಲದೆ ನಾಮಪದದಲ್ಲೇ ಮುಗಿದರೆ 'ಅಲ್ಲ'.

ಈ ಪರೀಕ್ಷೆ ಅರ್ಥದ ಹಿಂದೆ ಹೋಗದೆ ವಾಕ್ಯದ ಕಟ್ಟನ್ನು ನೋಡುವುದರಿಂದ, ಅರ್ಥ ಕೈಕೊಡುವ ಕಡೆಯಲ್ಲೂ ಕೆಲಸ ಮಾಡುತ್ತದೆ. 'ನೀರು ಬಿಸಿ ಇದೆ' ಎನ್ನುತ್ತೇವೆ. ಹಾಗಾಗಿ 'ನೀರು ಬಿಸಿ ಇಲ್ಲ'. 'ಇದು ಬಿಸಿ ನೀರು' ಎನ್ನುತ್ತೇವೆ. ಹಾಗಾಗಿ 'ಇದು ಬಿಸಿ ನೀರಲ್ಲ'. ಕೊಡದಲ್ಲಿರುವ ನೀರು ಒಂದೇ, ಅದರ ಬಿಸಿಯೂ ಒಂದೇ. ಬದಲಾದದ್ದು ವಾಕ್ಯ ಮಾತ್ರ. ನನಗೆ ಈ ಬಗೆಯಲ್ಲಿ ಬಹಳ ಹಿಡಿಸುವ ಜೋಡಿ 'ಸರಿಯಲ್ಲ' ಮತ್ತು 'ಸರಿ ಇಲ್ಲ' ಎಂಬುದು. ಹಿರಿಯರ ಎದುರು ಕಾಲ ಮೇಲೆ ಕಾಲು ಹಾಕಿ ಕೂರುವುದು ಸರಿಯಲ್ಲ. ಗೋಡೆಯ ಗಡಿಯಾರ ಸರಿ ಇಲ್ಲ. ಮೊದಲನೆಯದು ಒಂದು ನಡತೆಯನ್ನು 'ಸರಿ' ಎಂಬ ಹೆಸರಿನ ಜೊತೆ ಹೋಲಿಸಿ ನೋಡಿ, ಎರಡೂ ಒಂದಲ್ಲ ಎಂದು ತೀರ್ಮಾನಿಸುತ್ತದೆ; ಎರಡನೆಯದು ಗಡಿಯಾರದ ಈಗಿನ ಸ್ಥಿತಿಯನ್ನು ಹೇಳುತ್ತದೆ, ನಾಳೆ ರಿಪೇರಿಯಾದರೆ ಅದು ಸರಿ ಇರುತ್ತದೆ. 'ಅವನು ಸರಿ ಇಲ್ಲ' ಎಂದರೆ ಮನುಷ್ಯನ ಗುಣದ ಮೇಲೆ ದೂರು. 'ಅವನು ಹೇಳಿದ್ದು ಸರಿಯಲ್ಲ' ಎಂದರೆ ಆ ಒಂದು ಮಾತಿನ ಮೇಲಿನ ಆಕ್ಷೇಪ. ಜಗಳದ ನಡುವೆ ಈ ಎರಡರಲ್ಲಿ ಯಾವುದನ್ನು ಹೇಳಿದಿರಿ ಎಂಬುದರ ಮೇಲೆ ಜಗಳ ಮುಗಿಯುವುದೋ ಬೆಳೆಯುವುದೋ ನಿಲ್ಲುತ್ತದೆ.

ಆದರೆ ಕಲಬುರಗಿ, ಬೀದರ್, ಯಾದಗಿರಿಯ ಮಾತಿಗೆ ಬಂದರೆ ಈ ಪರೀಕ್ಷೆಗೆ ಒಂದು ತಿದ್ದುಪಡಿ ಬೇಕಾಗುತ್ತದೆ. ಇಲ್ಲಿ 'ಇದೆ' ಎಂಬುದರ ಸ್ಥಾನದಲ್ಲಿರುವ 'ಅದ' ಎಂಬ ಪದ, ಇರುವಿಕೆಯ ವಾಕ್ಯಗಳಲ್ಲಿ ಮಾತ್ರವಲ್ಲದೆ ಗುರುತಿನ ವಾಕ್ಯಗಳಲ್ಲೂ ಬಂದು ಸೇರುತ್ತದೆ. ಬೇರೆ ಕಡೆಯವರು 'ನಿಮ್ಮ ಹೆಸರೇನು?' ಎಂದು ಕೇಳಿದರೆ ನಾವು 'ನಿಮ್ಮ ಹೆಸರ ಏನದರಿ?' ಎನ್ನುತ್ತೇವೆ. 'ಅವನು ಡಾಕ್ಟರ್' ಎಂಬಲ್ಲಿ 'ಅಂವ ಡಾಕ್ಟರ್ ಅದಾನ' ಎನ್ನುವುದೂ ಇದೆ. ಉರ್ದುವಿನ 'ಹೈ', ಮರಾಠಿಯ 'ಆಹೇ' ಎರಡೂ ಇರುವಿಕೆಗೂ ಗುರುತಿಗೂ ಒಂದೇ ಪದವಾಗಿ ನಡೆಯುವ ಭಾಷೆಗಳ ನಡುವೆ ತಲೆಮಾರುಗಳಿಂದ ಬಾಳಿದ ಕನ್ನಡದಲ್ಲಿ ಹೀಗಾಗುವುದು ಆಶ್ಚರ್ಯವಲ್ಲ. ಇದನ್ನು ನೋಡಿ, ಕೊನೆಯಲ್ಲಿ 'ಅದ' ಇದೆಯೆಂದು 'ಇಲ್ಲ' ಹಾಕಿದರೆ 'ಅಂವ ಡಾಕ್ಟರ್ ಇಲ್ಲ' ಎಂಬ ವಾಕ್ಯ ಬರುತ್ತದೆ. ಕನ್ನಡ ಮನೆಮಾತಿನವರ ಕಿವಿಗೆ ಅದು ಕಲ್ಲು ಕಡಿದಂತೆ ಕೇಳುತ್ತದೆ. ಹೌದೆನ್ನುವಾಗ 'ಅದಾನ' ಎಂದವರೇ ನಿರಾಕರಿಸುವಾಗ 'ಅಂವ ಡಾಕ್ಟರ್ ಅಲ್ಲ' ಎಂದೇ ಹೇಳುತ್ತಾರೆ. ಹೌದೆನ್ನುವ ಕಡೆ ಗೆರೆ ಮಸುಕಾದರೂ ನಿರಾಕರಣೆಯ ಕಡೆ ಅದು ಅಳಿಯದೆ ಉಳಿದಿದೆ.

ಆದ್ದರಿಂದ ಈ ಭಾಗದಲ್ಲಿ ಕನ್ನಡ ಕಲಿಯುವವರಿಗೆ ನಾನು ಹೇಳುವುದು ಇಷ್ಟು: ಕೊನೆಯ 'ಅದ'ವನ್ನು ಕಿತ್ತು ನೋಡಿರಿ, ವಾಕ್ಯ ನಿಲ್ಲುತ್ತದೆಯೋ ಬೀಳುತ್ತದೆಯೋ ಪರೀಕ್ಷಿಸಿರಿ. 'ಅಂವ ಡಾಕ್ಟರ್ ಅದಾನ' ಎಂಬುದರಿಂದ 'ಅದಾನ' ಕಿತ್ತರೆ 'ಅಂವ ಡಾಕ್ಟರ್' ಉಳಿಯುತ್ತದೆ, ಅದೇ ಅರ್ಥದ ಪೂರ್ಣ ವಾಕ್ಯ, ಅಲ್ಲಿಗೆ 'ಅಲ್ಲ'. 'ಅಂವ ಮನ್ಯಾಗ ಅದಾನ' ಎಂಬುದರಿಂದ ಕಿತ್ತರೆ 'ಅಂವ ಮನ್ಯಾಗ' ಎಂಬ ತುಂಡು ಉಳಿಯುತ್ತದೆ, ಕೇಳುವವನು ಮುಂದಿನ ಮಾತಿಗೆ ಕಾಯುತ್ತಾನೆ, ಅಲ್ಲಿಗೆ 'ಇಲ್ಲ'.

ಕಲಿಯುವವರು ಎಲ್ಲಿ ಎಡವುತ್ತಾರೆಂಬುದು ಅವರ ಮನೆಮಾತನ್ನು ಅವಲಂಬಿಸಿದೆ. ಸೇಡಂ, ಗುರುಮಠಕಲ್ ಕಡೆಯ ತೆಲುಗು ಮನೆಮಾತಿನವರಿಗೆ ಇದು ಕಷ್ಟವೇ ಅಲ್ಲ, ಏಕೆಂದರೆ ತೆಲುಗಿನಲ್ಲಿ 'ಕಾದು' ಮತ್ತು 'ಲೇದು' ಎಂಬ ಜೋಡಿ ಹೆಚ್ಚುಕಡಿಮೆ ಇದೇ ಕೆಲಸವನ್ನು ಹಂಚಿಕೊಂಡಿದೆ. ಒಂದು ವ್ಯತ್ಯಾಸವಿದೆ: ತೆಲುಗಿನವರು ಗಂಡಸಿಗೆ 'ಲೇಡು', ಬಹುವಚನಕ್ಕೆ 'ಲೇರು' ಎಂದು ಪದವನ್ನು ತಿರುಗಿಸುತ್ತಾರೆ, ಕನ್ನಡದ 'ಇಲ್ಲ' ಅವನಿಗೂ ಅವಳಿಗೂ ಅವರಿಗೂ ಅದಕ್ಕೂ ಒಂದೇ. ಭಾಲ್ಕಿ, ಔರಾದ ಕಡೆಯ ಮರಾಠಿಯಲ್ಲಿ 'ನವ್ಹೆ' ಎಂಬ ಬೇರೆ ಪದ ಇದ್ದರೂ ದಿನದ ಮಾತಿನಲ್ಲಿ 'ನಾಹೀ' ಎಂಬುದೇ ಎರಡೂ ಕಡೆ ಸಲ್ಲುತ್ತದೆ. ದಖನಿಯಲ್ಲಿ ಎರಡಕ್ಕೂ 'ನೈ' ಒಂದೇ: 'ಯೇ ಬಿ.ಪಿ. ಕೀ ಗೋಲೀ ನೈ' ಎಂಬುದಕ್ಕೂ 'ಬಿ.ಪಿ. ಕೀ ಗೋಲೀ ನೈ' ಎಂಬುದಕ್ಕೂ ನಡುವೆ ಇರುವುದು 'ಯೇ' ಎಂಬ ಒಂದಕ್ಷರ. ಔಷಧಿ ಅಂಗಡಿಯ ಹುಡುಗ ಕನ್ನಡದಲ್ಲಿ ಆ ಒಂದಕ್ಷರವನ್ನೂ ಬಿಟ್ಟಿದ್ದ. ದೂರದ ಸಂಬಂಧಿಗಳನ್ನು ನೋಡಿದರೆ, ಮಲಯಾಳ ನಮ್ಮಂತೆಯೇ 'ಅಲ್ಲ', 'ಇಲ್ಲ' ಎರಡನ್ನೂ ಉಳಿಸಿಕೊಂಡಿದೆ. ತಮಿಳು ಬರವಣಿಗೆಯಲ್ಲಿ ಎರಡನ್ನೂ ಇಟ್ಟುಕೊಂಡು ಮಾತಿನಲ್ಲಿ 'ಇಲ್ಲೈ' ಒಂದರಿಂದಲೇ ಸಾಗಿಸುತ್ತಿದೆ.

ಇನ್ನು ಕ್ರಿಯಾಪದಗಳ ವಿಷಯ. 'ಬಂದನು', 'ಬರುತ್ತಾನೆ' ಎಂಬಂಥ ವಾಕ್ಯಗಳನ್ನು ನಿರಾಕರಿಸುವ ಕೆಲಸ ಇಂದಿನ ಕನ್ನಡದಲ್ಲಿ ಬಹುಪಾಲು 'ಇಲ್ಲ'ದ ಪಾಲಿಗೆ ಬಂದಿದೆ. ಹಿಂದೆ ಹೀಗಿರಲಿಲ್ಲ, 'ಬಾರೆನು', 'ಬಾರನು', 'ಮಾಡೆನು' ಎಂದು ಕ್ರಿಯಾಪದವೇ ತನ್ನ ನಿರಾಕರಣೆಯನ್ನು ತಾನು ಹೊತ್ತು ತಿರುಗುತ್ತಿತ್ತು. ಆ ರೂಪಗಳು ಈಗ 'ಬಾರದು', 'ಕೂಡದು', 'ಅರಿಯೆ', ನಮ್ಮ ಕಡೆಯ 'ನಾ ಒಲ್ಲೆ' ಎಂಬಲ್ಲಿ ಅಷ್ಟಿಷ್ಟು ಉಳಿದಿವೆ. ಉಳಿದೆಡೆ 'ಬರಲಿಲ್ಲ', 'ಬರುವುದಿಲ್ಲ', 'ಬಂದಿಲ್ಲ', 'ಬರುತ್ತಿಲ್ಲ', ನಮ್ಮ 'ಬರಂಗಿಲ್ಲ'. 'ಬರುವುದಿಲ್ಲ' ಎಂಬುದನ್ನು ಬಿಡಿಸಿದರೆ 'ಬರುವುದು ಇಲ್ಲ', ಅಂದರೆ ಬರುವಿಕೆ ಎಂಬುದು ಇಲ್ಲ. ಒಂದು ಘಟನೆಯನ್ನು ವಸ್ತುವಿನಂತೆ ಕಂಡು, ಅದು ಲೋಕದಲ್ಲಿ ಇಲ್ಲವೆಂದು ಹೇಳುವ ರೀತಿ ಇದು.

ಹಾಗಾದರೆ ಕ್ರಿಯೆಯ ಬಳಿ 'ಅಲ್ಲ' ಸುಳಿಯುವುದೇ ಇಲ್ಲವೇ? ಸುಳಿಯುತ್ತದೆ, ಮತ್ತು ಈ ಜೋಡಿಯ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ. ನಮ್ಮ ಕಾಕಾ ಒಬ್ಬರ ಮೇಲೆ, ಹೊಲದ ಬದುವಿನ ಬೇವಿನ ಗಿಡ ಕಡಿದರೆಂದು ಪಕ್ಕದ ಹೊಲದವರು ಅರ್ಜಿ ಕೊಟ್ಟಿದ್ದರು. ಉತ್ತರ ಬರೆಸಲು ಕಾಕಾ ತಾಲೂಕು ಕಚೇರಿಯ ಹೊರಗೆ ಅರ್ಜಿ ಬರೆಯುವವರ ಬಳಿ ಹೋದರು, ಜೊತೆಗೆ ನಾನಿದ್ದೆ. "ಬೇವಿನ ಗಿಡ ಕಡದದ್ದು ನಾ ಅಲ್ಲ ಅಂತ ಬರೀರಿ" ಎಂದು ಕಾಕಾ ಹೇಳಿದರು. ಬರೆಯುವವರು ಪೆನ್ನು ಎತ್ತಿ ಹಿಡಿದು, "ಗಿಡ ಬಿದ್ದದ್ದು ಕೊಡಲಿಗೋ ಗಾಳಿಗೋ?" ಎಂದು ಕೇಳಿದರು. ಮಿರಗದ ಮಳೆಯ ಮೊದಲ ಗಾಳಿಗೆ ಬುಡಸಮೇತ ಬಿದ್ದದ್ದೆಂದು ಕಾಕಾ ಹೇಳಿದರು. "ಹಂಗಾದ್ರ 'ಕಡದದ್ದು ನಾ ಅಲ್ಲ' ಅನಬ್ಯಾಡ್ರಿ. 'ನಾ ಕಡದಿಲ್ಲ' ಅನ್ರಿ" ಎಂದು ಅವರು ಬರೆಯತೊಡಗಿದರು.

ಆ ಮನುಷ್ಯನಿಗೆ ವ್ಯಾಕರಣದ ಹೆಸರುಗಳು ಬೇಕಾಗಿರಲಿಲ್ಲ, ಆದರೆ ಅವರು ಹಿಡಿದದ್ದು ಬಹಳ ಸೂಕ್ಷ್ಮವಾದ ವ್ಯತ್ಯಾಸ. 'ನಾನು ಬೇವಿನ ಗಿಡ ಕಡಿದಿಲ್ಲ' ಎಂಬ ವಾಕ್ಯ ಇಡೀ ಘಟನೆಯನ್ನೇ ಅಳಿಸುತ್ತದೆ. ಗಿಡವನ್ನು ಬೇರೆ ಯಾರೋ ಕಡಿದಿರಬಹುದು, ಗಾಳಿಗೆ ಬಿದ್ದಿರಬಹುದು, ಇನ್ನೂ ನಿಂತೇ ಇರಬಹುದು, ಆ ವಾಕ್ಯ ಇದ್ಯಾವುದಕ್ಕೂ ಕಟ್ಟುಬೀಳುವುದಿಲ್ಲ. 'ಬೇವಿನ ಗಿಡ ಕಡಿದದ್ದು ನಾನಲ್ಲ' ಎಂಬಲ್ಲಿ ಹಾಗಲ್ಲ. ಅಲ್ಲಿ 'ಬೇವಿನ ಗಿಡ ಕಡಿದದ್ದು' ಎಂಬುದು ಆಗಿಹೋದ ಸಂಗತಿಯಾಗಿ ಮೇಜಿನ ಮೇಲೆ ಕೂತಿದೆ. ಕಡಿದವನೊಬ್ಬ ಇದ್ದಾನೆ, ಅವನು ನಾನು ಎಂಬ ಗುರುತನ್ನು ಮಾತ್ರ 'ಅಲ್ಲ' ಅಳಿಸುತ್ತದೆ. ಓದುವ ಅಧಿಕಾರಿಯ ಮುಂದಿನ ಪ್ರಶ್ನೆ 'ಹಾಗಾದರೆ ಕಡಿದವರು ಯಾರು?' ಎಂದೇ ಆಗುತ್ತದೆ.

ಇದೇ ವಾಕ್ಯದ ಬೇರೆ ಬೇರೆ ಭಾಗಗಳಿಗೆ 'ಅಲ್ಲ'ವನ್ನು ತಗುಲಿಸುತ್ತ ಹೋದರೆ ಒಪ್ಪಿಗೆ ಬೆಳೆಯುತ್ತ ಹೋಗುವುದನ್ನು ನೋಡಬಹುದು. 'ನಾನು ಕಡಿದದ್ದು ಬೇವಿನ ಗಿಡವಲ್ಲ' ಎಂದರೆ ಕಾಕಾ ಏನನ್ನೋ ಕಡಿದದ್ದನ್ನು ಒಪ್ಪಿಕೊಂಡಂತಾಯಿತು. ಅದು ಜಾಲಿಯೋ ಮತ್ತೊಂದೋ ಎಂಬುದಷ್ಟೇ ಈಗ ಪ್ರಶ್ನೆ. 'ನಾನು ಬೇವಿನ ಗಿಡ ಕಡಿದದ್ದು ನಿನ್ನೆ ಅಲ್ಲ' ಎಂದರೆ ಉಳಿದದ್ದೆಲ್ಲವನ್ನೂ ಒಪ್ಪಿ, ದಿನವೊಂದನ್ನು ಬಿಟ್ಟಂತೆ. 'ಇಲ್ಲ' ಇಡೀ ವಾಕ್ಯದ ಮೇಲೆ ನೀರು ಸುರಿಯುತ್ತದೆ. 'ಅಲ್ಲ' ತಾನು ಅಂಟಿದ ಪದವೊಂದನ್ನು ಮಾತ್ರ ತೊಳೆದು, ಉಳಿದದ್ದನ್ನು ಹಾಗೆಯೇ ಒಣಗಿಡುತ್ತದೆ.

ಇದರಲ್ಲಿ ಹೊಸ ನಿಯಮವೇನೂ ಇಲ್ಲ ಎಂಬುದನ್ನು ಗಮನಿಸಬೇಕು. 'ಕಡಿದದ್ದು ನಾನು' ಎಂದಾಗ 'ಕಡಿದದ್ದು' ಎಂಬುದು ಕ್ರಿಯಾಪದವಾಗಿ ಉಳಿದಿಲ್ಲ, ನಾಮಪದವಾಗಿದೆ. ಎರಡು ನಾಮಪದಗಳು ಪಕ್ಕಪಕ್ಕದಲ್ಲಿ ನಿಂತ, ಕೊನೆಯಲ್ಲಿ ಏನೂ ಇಲ್ಲದ ಅದೇ ಹಳೆಯ ಕಟ್ಟು. ಆದ್ದರಿಂದಲೇ 'ಅಲ್ಲ'. ದಿನದ ಮಾತಿನಲ್ಲಿ ಇದರ ಉಪಯೋಗ ಜಗಳಕ್ಕಿಂತ ಹೆಚ್ಚಾಗಿ ತಿದ್ದುವಿಕೆಗೆ ಆಗುತ್ತದೆ. ಬೀದರಿಗೆ ಹೋಗಿ ಬಂದವನನ್ನು 'ಬಸ್ಸಿನಾಗ ಹೋಗಿದ್ದ್ಯಾ?' ಎಂದು ಕೇಳಿದರೆ, 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ತೆರೆದ ಮೇಲೆ 'ಬಸ್ಸಿನಾಗ ಅಲ್ಲ, ರೈಲಿನಾಗ' ಎಂದು ಉತ್ತರಿಸಬಹುದು. 'ಇಲ್ಲ' ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳಿದವನು ಹೋಗಲೇ ಇಲ್ಲವೆಂದು ತಿಳಿದುಕೊಳ್ಳಬಹುದು. ವಾಕ್ಯದ ಕೊನೆಗೆ ಸೇರಿಸುವ 'ಅಲ್ಲವೇ', ನಮ್ಮ 'ಅಲ್ಲೇನ್ರಿ', ಯಾವ ವಾಕ್ಯದ ಬೆನ್ನಿಗಾದರೂ ಬರುವುದೂ ಇದೇ ಕಾರಣದಿಂದ: 'ನೀವು ನಿನ್ನೆ ಬಂದಿರಿ, ಅಲ್ಲವೇ?' ಎಂಬಲ್ಲಿ ಪ್ರಶ್ನೆ ಬರುವಿಕೆಯ ಮೇಲಿಲ್ಲ, ಹೇಳಿದ ಮಾತು ನಡೆದ ಸಂಗತಿಯೊಂದಿಗೆ ಹೊಂದುತ್ತದೆಯೇ ಎಂಬುದರ ಮೇಲಿದೆ.

ಒಂದು ಕಡೆ ಮಾತ್ರ 'ಅಲ್ಲ' ಸೋತು 'ಇಲ್ಲ'ಕ್ಕೆ ಜಾಗ ಬಿಡುತ್ತದೆ. 'ಅಲ್ಲ'ಕ್ಕೆ ಕಾಲವಿಲ್ಲ. 'ಅವರು ಡಾಕ್ಟರ್ ಅಲ್ಲ' ಎಂಬುದನ್ನು ಹತ್ತು ವರ್ಷ ಹಿಂದಕ್ಕೆ ಒಯ್ಯಬೇಕೆಂದರೆ 'ಆಗ ಅವರು ಡಾಕ್ಟರ್ ಆಗಿರಲಿಲ್ಲ' ಎನ್ನಬೇಕು. ಇಲ್ಲಿ 'ಆಗು', 'ಇರು' ಎಂಬ ಕ್ರಿಯಾಪದಗಳು ಕಾಲವನ್ನು ಹೊರಲು ಬಂದಿವೆ. ಅವು ಬಂದ ಕೂಡಲೇ ಕೊನೆಯ ಜಾಗ ಖಾಲಿಯಾಗಿ ಉಳಿಯಲಿಲ್ಲ, ಆದ್ದರಿಂದ ನಿರಾಕರಣೆ 'ಇಲ್ಲ'ದ ಕೈಗೆ ಹೋಯಿತು. ಕನ್ನಡ ಕಲಿಯುವ ಮಕ್ಕಳು 'ಆಗ ಅವರು ಡಾಕ್ಟರ್ ಇರಲಿಲ್ಲ' ಎಂದು ಬರೆಯುವುದುಂಟು. 'ಆಗಿ' ಎಂಬ ಎರಡಕ್ಷರ ಬಿಟ್ಟುಹೋದದ್ದರಿಂದ ವಾಕ್ಯ ಮತ್ತೆ ಖಾಲಿ ಕುರ್ಚಿಯತ್ತ ಜಾರುತ್ತದೆ. ಆದರೆ 'ನಿನ್ನೆ ಬಂದವರು ಡಾಕ್ಟರ್ ಅಲ್ಲ' ಎಂಬಲ್ಲಿ ಘಟನೆ ನಿನ್ನೆಯದಾದರೂ 'ಅಲ್ಲ'ಕ್ಕೆ ತೊಂದರೆಯಿಲ್ಲ, ಏಕೆಂದರೆ ಕಾಲವನ್ನು 'ಬಂದವರು' ಎಂಬ ಪದ ಆಗಲೇ ಹೊತ್ತುಕೊಂಡಿದೆ.

ವಾಕ್ಯದ ನಡುವೆ ಬರುವ 'ಅಲ್ಲದ', 'ಇಲ್ಲದ', 'ಅಲ್ಲದೆ', 'ಇಲ್ಲದೆ' ಎಂಬ ರೂಪಗಳಲ್ಲೂ ಈ ಭೇದ ಒಂದಿಷ್ಟೂ ಸಡಿಲವಾಗುವುದಿಲ್ಲ. 'ಡಾಕ್ಟರ್ ಅಲ್ಲದವರು ಸೂಜಿ ಹಾಕಬಾರದು' ಎಂದರೆ ವೈದ್ಯರಲ್ಲದವರಿಗೆ ಕೊಟ್ಟ ಎಚ್ಚರಿಕೆ. 'ಡಾಕ್ಟರ್ ಇಲ್ಲದವರು' ಎಂದರೆ ಊರಲ್ಲಿ ವೈದ್ಯರನ್ನು ಕಾಣದ ಜನ. ಬರೆಯುವವರು ಹೆಚ್ಚು ಎಚ್ಚರವಾಗಿರಬೇಕಾದದ್ದು 'ಅಲ್ಲದೆ' ಮತ್ತು 'ಇಲ್ಲದೆ' ಎಂಬುವುಗಳ ವಿಷಯದಲ್ಲಿ, ಏಕೆಂದರೆ ಇಲ್ಲಿ ಒಂದು ಸ್ವರ ತಪ್ಪಿದರೂ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಉಳಿದು, ಓದುವವನಿಗೆ ಅನುಮಾನವೇ ಬರುವುದಿಲ್ಲ. 'ಶಿಬಿರಕ್ಕೆ ಡಾಕ್ಟರ್ ಅಲ್ಲದೆ ಇಬ್ಬರು ನರ್ಸುಗಳೂ ಬಂದರು' ಎಂದು ಬರೆದರೆ ಆ ಹಳ್ಳಿಗೆ ಮೂವರು ಬಂದರು. 'ಶಿಬಿರಕ್ಕೆ ಡಾಕ್ಟರ್ ಇಲ್ಲದೆ ಇಬ್ಬರು ನರ್ಸುಗಳು ಬಂದರು' ಎಂದು ಬರೆದರೆ ಬಂದವರು ಇಬ್ಬರೇ, ಮತ್ತು ಚೀಟಿ ಬರೆಯುವವರು ಯಾರೂ ಇರಲಿಲ್ಲ.